ಬೀಗ ಬೀಳುವ ದವಡೆ: ಸ್ಕ್ಯಾನ್‌ಗೆ ಮೊದಲು ಸ್ಕೇಲ್ ಹಿಡಿಯಿರಿ

ಪ್ರಶ್ನೆ: ಡಾಕ್ಟರೇ, ನನಗೆ 31 ವರ್ಷ. ಹಾಸನದ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಒಂದು ವರ್ಷದಿಂದ ಬಾಯಿ ತೆರೆದಾಗಲೆಲ್ಲ ಬಲಗಿವಿಯ ಮುಂದೆ ‘ಟಕ್’ ಎನ್ನುತ್ತದೆ. ಮೊದಲು ನೋವಿರಲಿಲ್ಲ. ಎರಡು ತಿಂಗಳಿಂದ ವಾರಕ್ಕೆ ಒಂದೆರಡು ಸಲ, ಬೆಳಿಗ್ಗೆ ಎದ್ದಾಗ, ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯುವುದಿಲ್ಲ. ದವಡೆಯನ್ನು ಅತ್ತಿತ್ತ ಆಡಿಸುತ್ತಿದ್ದರೆ ಹತ್ತು ನಿಮಿಷದಲ್ಲಿ ದೊಡ್ಡ ಶಬ್ದ ಮಾಡಿ ಬಿಟ್ಟುಕೊಳ್ಳುತ್ತದೆ. ಒಪಿಜಿ ಎಕ್ಸ್‌ರೇಯಲ್ಲಿ ಏನೂ ಇಲ್ಲವಂತೆ. ಒಬ್ಬ ದಂತವೈದ್ಯರು ಬುದ್ಧಿಹಲ್ಲು ತೆಗೆಸಿ ಎಂದರು, ಇನ್ನೊಬ್ಬರು ತಕ್ಷಣ ಎಂಆರ್‌ಐ ಮಾಡಿಸಿ ಎಂದರು. ಅತ್ತೆಯವರು ದವಡೆ ಕೂರಿಸುವವರ ಹತ್ತಿರ ಹೋಗಿ ಬರೋಣ ಎನ್ನುತ್ತಿದ್ದಾರೆ. ಮೊಬೈಲ್‌ನಲ್ಲಿ ನೋಡಿ ಬಾಯಿ ಅಗಲಿಸುವ ವ್ಯಾಯಾಮ ಮಾಡಿದೆ, ನೋವು ಹೆಚ್ಚಾಯಿತು. ಒಂದು ದಿನ ಪೂರ್ತಿ ಬಿಗಿದುಕೊಂಡುಬಿಟ್ಟರೆ ಏನು ಮಾಡಲಿ ಎಂಬ ಭಯ. ಸ್ಕ್ಯಾನ್ ಬೇಕೇ? ಮನೆಯಲ್ಲಿ ಏನಾದರೂ ಮಾಡಬಹುದೇ?
(ಓದುಗರೊಬ್ಬರು, ಹಾಸನ)

ಉತ್ತರ: ಸದ್ಯಕ್ಕೆ ಎಂಆರ್‌ಐ ಬೇಡ. ಈ ತೊಂದರೆಗಾಗಿ ಬುದ್ಧಿಹಲ್ಲು ತೆಗೆಸಬೇಡಿ. ದವಡೆ ಕೂರಿಸುವವರ ಬಳಿಗೆ ಖಂಡಿತ ಹೋಗಬೇಡಿ. ಮನೆಯಲ್ಲಿ ಮಾಡಬೇಕಾದ್ದು ಸಾಕಷ್ಟಿದೆ. ನಿಮ್ಮ ದವಡೆ ಈಗ ಇರುವ ಹಂತದಲ್ಲಿ ಅದಕ್ಕೆ ಬೆಲೆಯೂ ಹೆಚ್ಚು. ಹಾಗೆಂದು ಇದನ್ನು ಉದಾಸೀನ ಮಾಡುವಂತಿಲ್ಲ, ಏಕೆಂದರೆ ಬರೀ ಶಬ್ದ ಮಾಡುವ ದವಡೆಗೂ ಆಗಾಗ ಬೀಗ ಬೀಳುವ ದವಡೆಗೂ ವ್ಯತ್ಯಾಸವಿದೆ.

ಕಿವಿಯ ಮುಂದೆ, ಬಾಯಿ ತೆರೆದಾಗ ಗುಳಿ ಬೀಳುವ ಜಾಗದಲ್ಲಿ ಬೆರಳಿಟ್ಟು ನಿಧಾನವಾಗಿ ಬಾಯಿ ತೆರೆದು ಮುಚ್ಚಿ. ಬೆರಳಿನ ಕೆಳಗೆ ಹೊರಳುವುದು ಕೆಳದವಡೆಯ ಮೂಳೆಯ ತುದಿ. ಅದು ತಲೆಬುರುಡೆಯ ಒಂದು ಗುಳಿಯಲ್ಲಿ ಕೂತಿರುತ್ತದೆ. ಮೂಳೆಗೆ ಮೂಳೆ ನೇರವಾಗಿ ಉಜ್ಜದಂತೆ ಎರಡರ ನಡುವೆ ಒಂದು ಸಣ್ಣ ಡಿಸ್ಕ್ ಇದೆ. ಇದರ ನಡುಭಾಗ ತೆಳು, ಅಂಚುಗಳು ದಪ್ಪ. ಬಾಯಿ ತೆರೆಯುವಾಗ ಮೊದಲ ಇಪ್ಪತ್ತು, ಇಪ್ಪತ್ತೈದು ಮಿಲಿಮೀಟರ್‌ವರೆಗೆ ಮೂಳೆಯ ತುದಿ ಇದ್ದಲ್ಲೇ ತಿರುಗುತ್ತದೆ. ಅಲ್ಲಿಂದ ಮುಂದೆ ಅದು ಡಿಸ್ಕನ್ನು ಜೊತೆಗೆ ಕರೆದುಕೊಂಡು ಮುಂದಕ್ಕೆ ಜಾರಬೇಕು. ಹಾಗೆ ಜಾರಿದರೆ ಮಾತ್ರ ಬಾಯಿ ಪೂರ್ತಿ ತೆರೆಯುತ್ತದೆ.

ನಿಮ್ಮ ಬಲಗೀಲಿನಲ್ಲಿ ಡಿಸ್ಕನ್ನು ಹಿಂದಕ್ಕೆ ಹಿಡಿದಿಟ್ಟಿರುವ ತಂತುಗಳು ಸಡಿಲಗೊಂಡಿವೆ. ಬಾಯಿ ಮುಚ್ಚಿದಾಗ ಡಿಸ್ಕ್ ತನ್ನ ಜಾಗ ಬಿಟ್ಟು ತುಸು ಮುಂದೆ ಕೂತಿರುತ್ತದೆ. ಬಾಯಿ ತೆರೆಯುವಾಗ ಮೂಳೆಯ ತುದಿ ಅದರ ದಪ್ಪನೆಯ ಹಿಂದಿನ ಅಂಚನ್ನು ಹತ್ತಿ ದಾಟಿ ಮೇಲೆ ಕೂರುತ್ತದೆ. ನಿಮಗೆ ಕೇಳುವ ‘ಟಕ್’ ಅದೇ. ಮುಚ್ಚುವಾಗ, ಹಲ್ಲುಗಳು ಇನ್ನೇನು ಸೇರಬೇಕು ಎನ್ನುವಷ್ಟರಲ್ಲಿ, ಮೂಳೆ ಮತ್ತೆ ಡಿಸ್ಕಿನಿಂದ ಜಾರಿ ಹಿಂದೆ ಬೀಳುತ್ತದೆ. ಗಮನವಿಟ್ಟು ಕೇಳಿದರೆ ಅಲ್ಲೊಂದು ಮೆಲುವಾದ ಶಬ್ದವೂ ಇರುತ್ತದೆ. ಕಾಲೊರಸು ಮುದುಡಿ ಬಾಗಿಲಿನ ಅಡಿಗೆ ಸೇರಿಕೊಂಡಿದ್ದನ್ನು ನೋಡಿದ್ದೀರಲ್ಲ? ಕೆಲವು ಸಲ ಬಾಗಿಲು ಅದರ ಮೇಲೆ ಹಾದುಹೋಗುತ್ತದೆ, ಕೆಲವು ಸಲ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬೆಳಗಿನ ಹೊತ್ತು ನಿಮಗಾಗುತ್ತಿರುವುದು ಎರಡನೆಯದು. ಮೂಳೆಗೆ ಡಿಸ್ಕಿನ ಅಂಚನ್ನು ದಾಟಲಾಗದೆ, ತಿರುಗುವ ಚಲನೆ ಮುಗಿದಲ್ಲಿಗೇ ಬಾಯಿ ನಿಂತುಬಿಡುತ್ತದೆ. ಎರಡು ಬೆರಳಿನ ಅಳತೆ ಸುಮ್ಮನೆ ಬಂದದ್ದಲ್ಲ.

ನನ್ನ ಈ ಮಾತನ್ನು ಕನ್ನಡಿಯ ಮುಂದೆ ನೀವೇ ಒಮ್ಮೆ ಪರೀಕ್ಷಿಸಬಹುದು. ಬೀಗ ಬೀಳದ ಹೊತ್ತಿನಲ್ಲಿ, ಶಬ್ದ ಬರುವವರೆಗೆ ಬಾಯಿ ತೆರೆಯಿರಿ. ಮುಚ್ಚುವಾಗ ಕೆಳದವಡೆಯನ್ನು ತುಸು ಮುಂದಕ್ಕೆ ತಂದು, ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ಅಂಚಿಗೆ ಅಂಚು ತಾಗುವಲ್ಲಿ ನಿಲ್ಲಿಸಿ. ಅಲ್ಲಿಂದಲೇ ಮತ್ತೆ ತೆರೆದು ಅಲ್ಲಿಗೇ ಮುಚ್ಚಿ. ಶಬ್ದ ಮಾಯವಾಗಿದ್ದರೆ, ದವಡೆ ಮುಂದಿರುವಷ್ಟು ಹೊತ್ತು ಮೂಳೆ ಡಿಸ್ಕಿನ ಮೇಲೆಯೇ ಉಳಿದಿದೆ ಎಂದರ್ಥ. ಚಿಕಿತ್ಸಾಲಯದಲ್ಲಿ ನಾವೂ ಇದನ್ನೇ ಮಾಡಿಸಿ ನೋಡುತ್ತೇವೆ. ಒಮ್ಮೆ ನೋಡಿದರೆ ಸಾಕು. ಶಬ್ದ ಇದೆಯೋ ಹೋಯಿತೋ ಎಂದು ದಿನಕ್ಕೆ ಹತ್ತಾರು ಸಲ ದವಡೆ ಆಡಿಸಿ ನೋಡುವ ಅಭ್ಯಾಸ ಈ ತೊಂದರೆ ಇರುವ ಬಹುತೇಕ ಎಲ್ಲರಿಗೂ ಅಂಟಿಕೊಳ್ಳುತ್ತದೆ. ಅಷ್ಟು ಸಲವೂ ಸಡಿಲಗೊಂಡ ಆ ತಂತುಗಳನ್ನೇ ಎಳೆದಂತಾಗುತ್ತದೆ.

ಬುದ್ಧಿಹಲ್ಲಿಗೂ ಈ ಡಿಸ್ಕಿಗೂ ಸಂಬಂಧವಿಲ್ಲ. ಬುದ್ಧಿಹಲ್ಲಿನ ಸುತ್ತ ಒಸಡು ಊದಿ ಕೀವಾದರೆ ಬಾಯಿ ಬಿಗಿಯುವುದು ನಿಜ, ಆದರೆ ಆಗ ಊತ, ನುಂಗುವಾಗ ನೋವು, ಕೆಲವೊಮ್ಮೆ ಜ್ವರ ಇರುತ್ತದೆ. ಹತ್ತು ನಿಮಿಷ ಆಡಿಸಿದರೆ ಬಿಡುವ ಬಿಗಿತ ಅದಲ್ಲ. ಅಲ್ಲದೆ ಬುದ್ಧಿಹಲ್ಲು ಕೀಳುವಾಗ ಬಾಯಿಯನ್ನು ಬಹಳ ಹೊತ್ತು ಅಗಲವಾಗಿ ತೆರೆದು, ಕೆಳದವಡೆಯ ಮೇಲೆ ಬಲ ಹಾಕಬೇಕಾಗುತ್ತದೆ. ಮೊದಲೇ ಸಡಿಲವಾದ ಕೀಲಿಗೆ ಅದು ಒಳ್ಳೆಯದಲ್ಲ. ಹುಳುಕಿನಂತಹ ಬೇರೆ ಕಾರಣಕ್ಕೆ ಆ ಹಲ್ಲು ತೆಗೆಯಲೇಬೇಕಾದರೆ, ದವಡೆಗೆ ಬೀಗ ಬೀಳುವ ವಿಷಯವನ್ನು ವೈದ್ಯರಿಗೆ ಮೊದಲೇ ಹೇಳಿ. ನಡುನಡುವೆ ಬಾಯಿ ಮುಚ್ಚಿ ವಿಶ್ರಾಂತಿ ಕೊಟ್ಟು ಕೆಲಸ ಮಾಡಬಹುದು.

ಅತ್ತೆಯವರ ಸಲಹೆ ಕಾಳಜಿಯಿಂದ ಬಂದದ್ದು, ಅದರ ಹಿಂದೆ ಒಂದು ಅನುಭವವೂ ಇದ್ದೀತು. ದೊಡ್ಡದಾಗಿ ಆಕಳಿಸಿದಾಗ ಕೆಲವರ ದವಡೆ ಪೂರ್ತಿ ಜಾರಿ, ತೆರೆದ ಬಾಯಿ ಮುಚ್ಚದೆ ನಿಂತುಬಿಡುತ್ತದೆ. ಹಳ್ಳಿಗಳಲ್ಲಿ ಕೂರಿಸುತ್ತಿದ್ದದ್ದು ಅಂಥ ದವಡೆಯನ್ನು. ನಿಮ್ಮದು ಅದಕ್ಕೆ ತದ್ವಿರುದ್ಧ: ಬಾಯಿ ಮುಚ್ಚುತ್ತದೆ, ತೆರೆಯುವುದಿಲ್ಲ. ಇಲ್ಲಿ ಗುದ್ದಿ ಎಳೆದರೆ ಡಿಸ್ಕಿನ ಹಿಂದಿರುವ ಮೆತ್ತನೆಯ ಅಂಗಾಂಶಕ್ಕೆ ಪೆಟ್ಟು ಬೀಳುತ್ತದೆ. ಕೀಲಿನಲ್ಲಿ ರಕ್ತನಾಳ ಮತ್ತು ನರಗಳು ತುಂಬಿರುವುದು ಅಲ್ಲಿಯೇ. ನಿಮ್ಮ ನೋವು ಹುಟ್ಟುವುದೂ ಬಹುಮಟ್ಟಿಗೆ ಅಲ್ಲಿಂದಲೇ. ಮೊಬೈಲ್‌ನಲ್ಲಿ ನೋಡಿದ ವ್ಯಾಯಾಮದಿಂದ ನೋವು ಹೆಚ್ಚಾದದ್ದೂ ಇದೇ ಕಾರಣಕ್ಕೆ. ಬಾಯಿ ಅಗಲಿಸುವ ವ್ಯಾಯಾಮವನ್ನು ಬೀಗ ಬಿದ್ದ ಹೊತ್ತಿನಲ್ಲಿ ಬಲವಂತವಾಗಿ ಮಾಡಿದರೆ ಮೂಳೆ ಡಿಸ್ಕನ್ನು ಇನ್ನಷ್ಟು ಮುಂದಕ್ಕೆ ತಳ್ಳುತ್ತದೆ.

ಇನ್ನು ನಿಮ್ಮ ಭಯದ ವಿಷಯ. ಶಬ್ದ ಮಾಡುವ ದವಡೆಗಳಲ್ಲಿ ಹೆಚ್ಚಿನವು ಜೀವನಪೂರ್ತಿ ಶಬ್ದ ಮಾಡಿಕೊಂಡೇ ಇರುತ್ತವೆ, ಬೀಗ ಬೀಳುವುದಿಲ್ಲ. ನೋವಿಲ್ಲದ ಶಬ್ದಕ್ಕೆ ನಾವು ಚಿಕಿತ್ಸೆಯನ್ನೂ ಕೊಡುವುದಿಲ್ಲ. ನಿಮ್ಮದು ಆ ಗುಂಪಿನಿಂದ ಒಂದು ಹೆಜ್ಜೆ ಮುಂದೆ ಬಂದಿದೆ. ಬೀಗ ಬೀಳುವುದು ಪದೇಪದೇ ಆಗುತ್ತಾ, ಬಿಡಿಸಲು ಹೆಚ್ಚು ಹೊತ್ತು ಹಿಡಿಯುತ್ತಾ ಹೋದರೆ, ಒಂದು ದಿನ ಬಿಡದೇ ಉಳಿಯುವ ಸಾಧ್ಯತೆ ಇದೆ. ಹಾಗಾದರೆ ಏನಾಗುತ್ತದೆ ಎನ್ನುವುದಕ್ಕೆ ನಾನು ಚಿಕಿತ್ಸೆ ಕೊಟ್ಟ ಒಬ್ಬರ ಕಥೆ ಹೇಳುತ್ತೇನೆ.

ಅವರು ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್. ಮೂವತ್ತನಾಲ್ಕು ವರ್ಷ. ಎರಡು ವರ್ಷದಿಂದ ಎಡಗೀಲಿನಲ್ಲಿ ಶಬ್ದ, ಆಮೇಲೆ ನಿಮ್ಮ ಹಾಗೆಯೇ ಬೆಳಗಿನ ಬೀಗ. ಒಂದು ಬೆಳಿಗ್ಗೆ ಬಿಗಿದ ಬಾಯಿ ಬಿಡಲಿಲ್ಲ. ಆದರೆ ಅಂದಿನಿಂದ ಶಬ್ದವೂ ನಿಂತುಹೋಯಿತು. ಎರಡು ವರ್ಷದ ಕಾಟ ತಪ್ಪಿತು, ಬಿಗಿತ ತಾನಾಗಿ ಸಡಿಲವಾದೀತು ಎಂದುಕೊಂಡು ಅವರು ಕಾಯುತ್ತಾ ಕೂತರು. ಕಾಫಿ ಕೊಯ್ಲಿನ ಸಮಯ ಬೇರೆ, ತೋಟ ಬಿಟ್ಟು ಬರುವಂತಿರಲಿಲ್ಲ. ನನ್ನ ಬಳಿ ಬಂದಾಗ ಐದು ವಾರ ಕಳೆದಿತ್ತು. ಸ್ಕೇಲ್ ಇಟ್ಟರೆ 24 ಮಿಲಿಮೀಟರ್. ಬಾಯಿ ತೆರೆದಾಗ ಗದ್ದ ಎಡಕ್ಕೆ ವಾಲುತ್ತಿತ್ತು, ಏಕೆಂದರೆ ಬಲಗೀಲು ಮುಂದೆ ಜಾರುತ್ತಿತ್ತು, ಎಡಗೀಲು ನಿಂತಲ್ಲೇ ನಿಂತಿತ್ತು. ದವಡೆಯನ್ನು ಬಲಕ್ಕೆ ಸರಿಸಿ ಎಂದರೆ ಮೂರು ಮಿಲಿಮೀಟರ್ ಸರಿಯಿತು, ಎಡಕ್ಕೆ ಒಂಬತ್ತು. ಶಬ್ದ ನಿಂತದ್ದು ಗುಣವಾದದ್ದರ ಗುರುತಾಗಿರಲಿಲ್ಲ. ಮೂಳೆ ಡಿಸ್ಕನ್ನು ದಾಟುವ ಪ್ರಯತ್ನವೇ ನಿಂತುಹೋಗಿದ್ದರಿಂದ ಶಬ್ದವೂ ನಿಂತಿತ್ತು.

ಮೊದಲ ಕೆಲವು ದಿನಗಳಲ್ಲೇ ಬಂದಿದ್ದರೆ, ಅರಿವಳಿಕೆ ಚುಚ್ಚಿ, ಹೆಬ್ಬೆರಳನ್ನು ಕೆಳದವಡೆಯ ಹಿಂದಿನ ಹಲ್ಲುಗಳ ಮೇಲಿಟ್ಟು ಕೆಳಕ್ಕೂ ಮುಂದಕ್ಕೂ ನಿಧಾನವಾಗಿ ಒತ್ತಿ ಡಿಸ್ಕನ್ನು ಮತ್ತೆ ಹಿಡಿಯುವ ಅವಕಾಶ ಚೆನ್ನಾಗಿರುತ್ತಿತ್ತು. ಐದು ವಾರದ ನಂತರ ಪ್ರಯತ್ನಿಸಿದೆ, ಸಿಗಲಿಲ್ಲ. ಮೂರು ವಾರ ವ್ಯಾಯಾಮ ಮಾಡಿಸಿದ ಮೇಲೆ ಬಾಯಿ 28ಕ್ಕೆ ಬಂದು ನಿಂತಿತು, ನೋವು ತಗ್ಗಲಿಲ್ಲ. ಎಂಆರ್‌ಐ ಬರೆದುಕೊಟ್ಟದ್ದು ಆಗ. ಡಿಸ್ಕ್ ಬಾಯಿ ಮುಚ್ಚಿದಾಗಲೂ ತೆರೆದಾಗಲೂ ಮುಂದೆಯೇ ಇತ್ತು, ಕೀಲಿನಲ್ಲಿ ನೀರು ತುಂಬಿತ್ತು, ಮೂಳೆ ಚೆನ್ನಾಗಿತ್ತು. ಕೀಲನ್ನು ತೊಳೆಯಲು ನಿರ್ಧರಿಸಿದೆವು. ಅರಿವಳಿಕೆ ಕೊಟ್ಟು ಎರಡು ಸೂಜಿ ಹಾಕಿ, ಒಂದರಿಂದ ದ್ರಾವಣ ಬಿಟ್ಟು ಇನ್ನೊಂದರಿಂದ ಹೊರತೆಗೆಯುವ ಕ್ರಮ ಇದು. ಅಂದೇ ಮನೆಗೆ ಹೋದರು. ಮರುದಿನದಿಂದಲೇ ವ್ಯಾಯಾಮ. ಮೂರು ತಿಂಗಳ ಕೊನೆಗೆ ಬಾಯಿ 39 ಮಿಲಿಮೀಟರ್ ತೆರೆಯಿತು. ಡಿಸ್ಕ್ ಇಂದಿಗೂ ಮುಂದೆಯೇ ಇದೆ. ಅದರ ಹಿಂದಿನ ಅಂಗಾಂಶ ಕಾಲಕ್ರಮೇಣ ಗಟ್ಟಿಯಾಗಿ ಡಿಸ್ಕಿನ ಕೆಲಸವನ್ನು ತಕ್ಕಮಟ್ಟಿಗೆ ವಹಿಸಿಕೊಂಡಿದೆ. ಪೂರ್ತಿ ಬೀಗ ಬಿದ್ದ ದವಡೆಗಳಲ್ಲೂ ಬಹಳಷ್ಟು ಹೀಗೆ ಹೊಂದಿಕೊಳ್ಳುತ್ತವೆ. ಆ ಹೊಂದಾಣಿಕೆಗೆ ತಿಂಗಳುಗಟ್ಟಲೆ ನೋವು ತಿನ್ನಬೇಕಾಗುತ್ತದೆ, ಅದನ್ನು ತಪ್ಪಿಸಬಹುದಾದರೆ ತಪ್ಪಿಸಬೇಕು ಎನ್ನುವುದಷ್ಟೇ ನನ್ನ ಕಾಳಜಿ.

ಈಗ ನೀವು ಮಾಡಬೇಕಾದ ಕೆಲಸಗಳನ್ನು ಹೇಳುತ್ತೇನೆ. ಮೊದಲನೆಯದು ಅಳತೆ. ಗಣಿತದ ಮೇಷ್ಟರಾದ ನಿಮಗೆ ಇದು ಕಷ್ಟವಲ್ಲ. ಪ್ಲಾಸ್ಟಿಕ್ ಸ್ಕೇಲ್ ತೆಗೆದುಕೊಂಡು, ಸೊನ್ನೆಯ ಗೆರೆಯ ಆಚೆ ಉಳಿದಿರುವ ತುದಿಯನ್ನು ಕತ್ತರಿಸಿ, ಕೆಳಗಿನ ನಡುಹಲ್ಲಿನ ಅಂಚಿಗಿಟ್ಟು ಮೇಲಿನ ನಡುಹಲ್ಲಿನ ಅಂಚಿನವರೆಗೆ ಅಳೆಯಿರಿ. ಯಾವಾಗಲೂ ಅವೇ ಎರಡು ಹಲ್ಲುಗಳಿರಲಿ. ನೋವಾಗದಷ್ಟು ಮಾತ್ರ ತೆರೆಯಿರಿ. ದೊಡ್ಡವರಲ್ಲಿ ಸಾಮಾನ್ಯವಾಗಿ ಇದು 40ರಿಂದ 55 ಮಿಲಿಮೀಟರ್ ಇರುತ್ತದೆ, ಅಂದಾಜಿಗೆ ಅವರವರ ಮೂರು ಬೆರಳು. ವಾರಕ್ಕೆ ಎರಡು ದಿನ ಸಂಜೆ ಅಳೆದು ಬರೆದಿಡಿ. ಬೀಗ ಬಿದ್ದ ಬೆಳಿಗ್ಗೆ ಎಷ್ಟಿತ್ತು, ಬಿಡಲು ಎಷ್ಟು ಹೊತ್ತಾಯಿತು ಎಂಬುದನ್ನೂ ಬರೆಯಿರಿ. ನನಗೆ ನಿಮ್ಮ ಎಂಆರ್‌ಐಗಿಂತ ಈ ಪುಟ ಹೆಚ್ಚು ಹೇಳುತ್ತದೆ.

ಎರಡನೆಯದು ದವಡೆಗೆ ವಿಶ್ರಾಂತಿ ಕೊಡುವ ಕ್ರಮ. ಹಗಲಿನಲ್ಲಿ ಊಟ ಮಾಡದ, ಮಾತಾಡದ ಹೊತ್ತಿನಲ್ಲಿ ಮೇಲಿನ ಮತ್ತು ಕೆಳಗಿನ ಹಲ್ಲುಗಳು ಒಂದಕ್ಕೊಂದು ತಾಗಿರಬಾರದು. ತುಟಿ ಮುಚ್ಚಿರಲಿ, ಹಲ್ಲುಗಳ ನಡುವೆ ಎರಡು ಮೂರು ಮಿಲಿಮೀಟರ್ ಸಂದು ಇರಲಿ. ‘ಲ’ ಎನ್ನುವಾಗ ನಾಲಿಗೆಯ ತುದಿ ಮುಟ್ಟುವ ಜಾಗದಲ್ಲಿ ಅದು ಹಗುರವಾಗಿ ಕೂತಿರಲಿ. ಉತ್ತರ ಪತ್ರಿಕೆ ತಿದ್ದುವಾಗ, ಸ್ಕೂಟರ್ ಓಡಿಸುವಾಗ ಹಲ್ಲು ಕಚ್ಚಿರುವುದನ್ನು ನೀವೇ ಗಮನಿಸುತ್ತೀರಿ. ಗಮನಿಸಿದಾಗಲೆಲ್ಲ ಬಿಡಿ. ಹೇಳಲು ಇಷ್ಟೇ, ಆದರೆ ಸರಿಯಾಗಿ ಮಾಡಿದವರಲ್ಲಿ ಇದರಿಂದ ಆಗುವ ಉಪಯೋಗವನ್ನು ನಾನು ಬೇರಾವುದರಲ್ಲೂ ಕಂಡಿಲ್ಲ.

ಮೂರನೆಯದು ವ್ಯಾಯಾಮ. ಕನ್ನಡಿಯ ಮುಂದೆ ನೆಟ್ಟಗೆ ಕೂತು, ನಾಲಿಗೆಯ ತುದಿಯನ್ನು ಅದೇ ‘ಲ’ ಜಾಗಕ್ಕೆ ಒತ್ತಿಹಿಡಿದು, ಎರಡೂ ಕೀಲುಗಳ ಮೇಲೆ ತೋರುಬೆರಳಿಡಿ. ನಾಲಿಗೆ ಅಂಗುಳ ಬಿಡದಂತೆ ಬಾಯಿ ತೆರೆಯಿರಿ. ನಾಲಿಗೆ ಬಿಡದಿರುವವರೆಗೆ ಬಾಯಿ ಬಹಳ ಅಗಲವಾಗಲಾರದು. ಅಂದರೆ ದವಡೆ ತಿರುಗುವುದಷ್ಟೇ ನಡೆಯುತ್ತದೆ, ಜಾರುವುದಿಲ್ಲ. ನಮಗೆ ಬೇಕಾದದ್ದೂ ಅಷ್ಟೇ. ಗದ್ದ ನೇರವಾಗಿ ಕೆಳಗಿಳಿಯಬೇಕು. ಕನ್ನಡಿಯಲ್ಲಿ ಅದು ಬಲಕ್ಕೋ ಎಡಕ್ಕೋ ಸೊಟ್ಟಗಾದರೆ, ಅಥವಾ ಬೆರಳಿಗೆ ‘ಟಕ್’ ತಾಗಿದರೆ, ಬೇಕಾದ್ದಕ್ಕಿಂತ ಹೆಚ್ಚು ತೆರೆದಿರಿ ಎಂದರ್ಥ. ಮುಂದಿನ ಸಲ ಅದಕ್ಕಿಂತ ಸ್ವಲ್ಪ ಮೊದಲೇ ನಿಲ್ಲಿಸಿ. ಒಂದು ಬಾರಿಗೆ ಆರು ಸಲ, ದಿನಕ್ಕೆ ಆರು ಬಾರಿ. ಪ್ರತಿ ಬಾರಿಗೆ ಒಂದು ನಿಮಿಷವೂ ಹಿಡಿಯುವುದಿಲ್ಲ, ಪೀರಿಯಡ್‌ಗಳ ನಡುವೆ ಮುಗಿಸಬಹುದು. ಎರಡು ವಾರ ಇದು ನೋವಿಲ್ಲದೆ ಸಾಗಿದ ಮೇಲೆ, ಹಲ್ಲುಗಳನ್ನು ತುಸು ಬಿಡಿಸಿಕೊಂಡು ದವಡೆಯನ್ನು ನಿಧಾನವಾಗಿ ಎಡಕ್ಕೆ, ಮತ್ತೆ ನಡುವಿಗೆ, ಬಲಕ್ಕೆ, ಮತ್ತೆ ನಡುವಿಗೆ ಸರಿಸುವುದನ್ನು ಸೇರಿಸಿ. ಇದೂ ಆರು ಸಲ. ವ್ಯಾಯಾಮದ ನಂತರ ತುಸು ದಣಿವು ಸಹಜ. ಅರ್ಧ ಗಂಟೆಯ ಮೇಲೂ ನೋವು ಉಳಿದರೆ ಮರುದಿನ ಅರ್ಧಕ್ಕೆ ಇಳಿಸಿ.

ಬೀಗ ಬಿದ್ದ ಬೆಳಿಗ್ಗೆ ಮಾತ್ರ ಕ್ರಮ ಬೇರೆ. ಆಗ ಬಾಯಿಯನ್ನು ನೇರವಾಗಿ ಅಗಲಿಸಲು ಹೋಗಬೇಡಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೆನ್ನೆ ಮತ್ತು ಕಿವಿಯ ಮುಂಭಾಗಕ್ಕೆ ಹತ್ತು, ಹದಿನೈದು ನಿಮಿಷ ಇಟ್ಟುಕೊಳ್ಳಿ. ಭುಜ, ಕತ್ತು ಸಡಿಲ ಬಿಡಿ. ಈಗ ಬಾಯಿ ಹೆಚ್ಚುಕಡಿಮೆ ಮುಚ್ಚಿದ್ದಾಗಲೇ ಕೆಳದವಡೆಯನ್ನು ಎಡಕ್ಕೆ, ಅಂದರೆ ತೊಂದರೆ ಇರುವ ಕೀಲಿಗೆ ವಿರುದ್ಧ ದಿಕ್ಕಿಗೆ, ಆದಷ್ಟು ಸರಿಸಿ. ಎಡಕ್ಕೆ ಸರಿಸಿದಾಗ ಬಲಗಡೆಯ ಮೂಳೆ ಮುಂದಕ್ಕೆ ಜಾರುತ್ತದೆ, ಡಿಸ್ಕಿನ ಅಂಚನ್ನು ದಾಟಲು ಅದಕ್ಕೆ ಬೇಕಾದದ್ದು ಆ ಚಲನೆಯೇ. ಎಡಕ್ಕೆ ಸರಿಸಿದ ಸ್ಥಿತಿಯಲ್ಲೇ ದವಡೆಯನ್ನು ತುಸು ಮುಂದಕ್ಕೆ ತಂದು, ಆಮೇಲೆ ನಿಧಾನವಾಗಿ ತೆರೆಯಿರಿ. ನೀವು ಅತ್ತಿತ್ತ ಆಡಿಸಿ ಬಿಡಿಸಿಕೊಳ್ಳುತ್ತಿದ್ದೀರಲ್ಲ, ಅದರಲ್ಲಿ ಕೆಲಸ ಮಾಡುತ್ತಿದ್ದದ್ದು ಎಡಕ್ಕೆ ಸರಿಸುವುದು ಮಾತ್ರ. ಐದಾರು ಸಲಕ್ಕೆ ಬಿಡದಿದ್ದರೆ ನಿಲ್ಲಿಸಿ, ಮೆತ್ತನೆಯ ತಿಂಡಿ ತಿಂದು, ಒಂದು ಗಂಟೆಯ ನಂತರ ಮತ್ತೆ ನೋಡಿ. ಬಿಟ್ಟುಕೊಂಡ ಮೇಲೆ, ಹಲ್ಲುಗಳನ್ನು ತಕ್ಷಣ ಬಿಗಿಯಾಗಿ ಕಚ್ಚಬೇಡಿ. ಮುಂದಿನ ಹಲ್ಲುಗಳನ್ನು ಅಂಚಿಗೆ ಅಂಚು ತಾಗಿಸಿಕೊಂಡು ಕೆಲವು ನಿಮಿಷ ಹಾಗೇ ಇರಿ.

ಆಹಾರದ ಪಥ್ಯ ದೊಡ್ಡದೇನಿಲ್ಲ. ಆರೆಂಟು ವಾರ ಅಗಿಯುವ ಕೆಲಸ ಕಡಿಮೆ ಇರಲಿ. ಮುದ್ದೆ ಉಣ್ಣುವ ನಮ್ಮ ಕಡೆಯವರಿಗೆ ಇದರಲ್ಲಿ ಅನುಕೂಲವಿದೆ, ಸಣ್ಣ ತುತ್ತು ಮಾಡಿ ನುಂಗಿದರಾಯಿತು. ಕಡುಬು, ಇಡ್ಲಿ, ಬೆಂದ ತರಕಾರಿ, ಅನ್ನ ಎಲ್ಲವೂ ಆಗುತ್ತದೆ. ಗಟ್ಟಿ ಅಕ್ಕಿರೊಟ್ಟಿ, ಚಕ್ಕುಲಿ, ಕಬ್ಬು ಕಚ್ಚುವುದು, ಚೂಯಿಂಗ್ ಗಮ್, ಅಡಿಕೆ ಬೇಡ. ಸೀಬೆಹಣ್ಣನ್ನು ಕಚ್ಚುವ ಬದಲು ಕತ್ತರಿಸಿ ತಿನ್ನಿ. ಆಕಳಿಕೆ ಬಂದಾಗ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ಗದ್ದದ ಕೆಳಗೆ ಮುಷ್ಟಿ ಕೊಡಿ. ತರಗತಿಯಲ್ಲಿ ಕೂಗಿ ಪಾಠ ಮಾಡುವವರಾದರೆ, ಹಿಂದಿನ ಬೆಂಚಿನವರನ್ನು ಕೆಲವು ವಾರ ಮುಂದಕ್ಕೆ ಕೂರಿಸಿಕೊಳ್ಳಿ.

ಬೀಗ ಬೀಳುವುದು ಬೆಳಿಗ್ಗೆಯೇ ಆದ್ದರಿಂದ ರಾತ್ರಿ ನಿದ್ದೆಯಲ್ಲಿ ಹಲ್ಲು ಕಚ್ಚುತ್ತೀರಿ ಎಂಬ ಅನುಮಾನ ನನಗೆ ಬಲವಾಗಿದೆ. ಎದ್ದಾಗ ಕಣತಲೆ, ಕೆನ್ನೆ ಬಿಗಿದಂತಿದ್ದರೆ ಅನುಮಾನ ಇನ್ನೂ ಗಟ್ಟಿ. ಅಂಥವರಿಗೆ ರಾತ್ರಿ ಮಾತ್ರ ಹಾಕಿಕೊಳ್ಳುವ ಸ್ಪ್ಲಿಂಟ್ ಕೊಡುತ್ತೇವೆ. ಅದು ಹಲ್ಲಿನ ಅಚ್ಚು ತೆಗೆದು ಮಾಡುವ ಗಟ್ಟಿ ಅಕ್ರಿಲಿಕ್ ಕವಚ. ಸಾಲಿನ ಎಲ್ಲ ಹಲ್ಲುಗಳನ್ನೂ ಅದು ಮುಚ್ಚಬೇಕು. ಕೆಲವೇ ಹಲ್ಲುಗಳನ್ನು ಮುಚ್ಚುವ ಕವಚವನ್ನು ತಿಂಗಳುಗಟ್ಟಲೆ ಹಾಕಿದರೆ ಉಳಿದ ಹಲ್ಲುಗಳು ಮೇಲೆದ್ದು ಕಚ್ಚುವಿಕೆ ಕೆಡಬಹುದು. ಬೆಳಗಿನ ಬೀಗಕ್ಕೆಂದೇ ದವಡೆಯನ್ನು ತುಸು ಮುಂದೆ ಹಿಡಿದಿಡುವ ಇನ್ನೊಂದು ಬಗೆಯ ಸ್ಪ್ಲಿಂಟ್ ಇದೆ. ಕೆಲವರಿಗೆ ಅದು ಬೇಗ ಫಲ ಕೊಡುತ್ತದೆ. ಆದರೆ ಅದನ್ನು ಹಗಲೂ ರಾತ್ರಿ ಹಾಕಿದರೆ, ಅಥವಾ ವೈದ್ಯರಿಗೆ ತೋರಿಸದೆ ಬಹುಕಾಲ ಮುಂದುವರಿಸಿದರೆ, ಹಿಂದಿನ ಹಲ್ಲುಗಳು ಒಂದಕ್ಕೊಂದು ಸೇರದಂತಾಗುವ ಅಪಾಯವಿದೆ. ಸ್ಪ್ಲಿಂಟ್ ತೆಗೆದು ಸ್ವಲ್ಪ ಹೊತ್ತಿನ ಮೇಲೂ ಹಲ್ಲುಗಳು ಮೊದಲಿನಂತೆ ಕೂಡದಿದ್ದರೆ ಅಂದೇ ತಿಳಿಸಬೇಕು. ಕಚ್ಚುವಿಕೆ ಸರಿಮಾಡುತ್ತೇವೆಂದು ಒಳ್ಳೆಯ ಹಲ್ಲುಗಳನ್ನು ಉಜ್ಜಿ ಸವೆಸುವ ಸಲಹೆಗೆ ಮಾತ್ರ ಒಪ್ಪಬೇಡಿ, ಸವೆಸಿದ ಹಲ್ಲು ಮತ್ತೆ ಬೆಳೆಯುವುದಿಲ್ಲ. ನೋವು ಹೆಚ್ಚಿದ ದಿನಗಳಿಗೆ ಐಬುಪ್ರೊಫೇನ್‌ನಂತಹ ಮಾತ್ರೆ ಕೆಲಸ ಮಾಡುತ್ತದೆ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ರಕ್ತದೊತ್ತಡ ಇದ್ದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ಈಗ ಸ್ಕ್ಯಾನ್. ನಿಮ್ಮ ಒಪಿಜಿಯಲ್ಲಿ ‘ಏನೂ ಇಲ್ಲ’ ಎಂದದ್ದು ಸರಿ, ಆದರೆ ಅದಕ್ಕೆ ಡಿಸ್ಕ್ ಕಾಣುವುದೇ ಇಲ್ಲ. ಅದು ಹಲ್ಲು ಮತ್ತು ಮೂಳೆಯ ಚಿತ್ರ. ಸಿಟಿ ಸ್ಕ್ಯಾನ್ ಮೂಳೆಯನ್ನು ಇನ್ನೂ ಚೆನ್ನಾಗಿ ತೋರಿಸುತ್ತದೆ, ಡಿಸ್ಕನ್ನಲ್ಲ. ಡಿಸ್ಕ್ ಕಾಣುವುದು ಎಂಆರ್‌ಐಯಲ್ಲಿ. ಹಾಗಾದರೆ ಮಾಡಿಸಿಬಿಡಬಾರದೇಕೆ? ಏಕೆಂದರೆ ಯಾವ ತೊಂದರೆಯೂ ಇಲ್ಲದ ಜನರನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿದರೂ ಸುಮಾರು ಮೂವರಲ್ಲಿ ಒಬ್ಬರ ಡಿಸ್ಕ್ ಜಾರಿರುವುದು ಕಾಣುತ್ತದೆ. ನಿಮ್ಮ ಡಿಸ್ಕ್ ಜಾರಿದೆ ಎಂದು ನಿಮ್ಮ ಕಿವಿ, ಬೆರಳು, ಸ್ಕೇಲ್ ಈಗಾಗಲೇ ಹೇಳಿವೆ. ಸಾವಿರಾರು ರೂಪಾಯಿ ಕೊಟ್ಟು ಅದನ್ನೇ ಕಾಗದದಲ್ಲಿ ಬರೆಸಿಕೊಂಡರೂ ಮುಂದಿನ ಎಂಟು ವಾರ ಮಾಡಬೇಕಾದದ್ದು ಇದೇ ವ್ಯಾಯಾಮ, ಇದೇ ವಿಶ್ರಾಂತಿ. ಜೊತೆಗೆ ಎಡಗೀಲಿನ ಡಿಸ್ಕೂ ಜಾರಿದೆ ಎಂಬ ಸಾಲು ವರದಿಯಲ್ಲಿ ಬಂದರೆ, ಇಲ್ಲದ ಚಿಂತೆಯೊಂದು ಸೇರಿಕೊಳ್ಳುತ್ತದೆ. ಅಂಥ ವರದಿ ಹಿಡಿದು ಊಟ ನಿದ್ದೆ ಬಿಟ್ಟು ಬಂದವರನ್ನು ನಾನು ಆಗಾಗ ನೋಡುತ್ತೇನೆ.

ಸ್ಕ್ಯಾನಿನ ಉತ್ತರದಿಂದ ಚಿಕಿತ್ಸೆಯ ದಾರಿ ಬದಲಾಗುವಾಗ ಎಂಆರ್‌ಐ ಬೇಕೇ ಬೇಕು. ಬೀಗ ಬಿಡದೆ ಉಳಿದು, ಚಿಕಿತ್ಸೆ ಶುರುಮಾಡಿ ಕೆಲವು ವಾರವಾದರೂ ಬಾಯಿ 35 ಮಿಲಿಮೀಟರ್ ದಾಟದಿದ್ದರೆ ಬೇಕು. ಕೀಲು ತೊಳೆಯುವ ಅಥವಾ ಶಸ್ತ್ರಚಿಕಿತ್ಸೆಯ ಮಾತು ಬಂದರೆ ಅದಕ್ಕೆ ಮೊದಲು ಬೇಕು. ಹಲ್ಲುಗಳು ಸೇರುವ ರೀತಿ ತಿಂಗಳಿಂದ ತಿಂಗಳಿಗೆ ಬದಲಾಗುತ್ತಿದ್ದರೆ, ಗದ್ದ ಒಂದು ಕಡೆಗೆ ವಾಲುತ್ತಾ ಹೋದರೆ, ಕೀಲಿನ ಬಳಿ ಗಟ್ಟಿ ಊತ ಕಂಡರೆ, ತುಟಿ ಅಥವಾ ಗದ್ದ ಜೋಮು ಹಿಡಿದರೆ ಕಾಯದೆ ಸ್ಕ್ಯಾನ್ ಮಾಡಿಸಬೇಕು. ಇವುಗಳಲ್ಲಿ ಕೆಲವಕ್ಕೆ ಸಿಟಿಯೂ ಬೇಕಾಗಬಹುದು. ಬಿದ್ದು ಪೆಟ್ಟಾದ ಮೇಲೆ ಬಾಯಿ ಬಿಗಿದರೆ ಮೊದಲು ಸಿಟಿ, ಅಲ್ಲಿ ಹುಡುಕುವುದು ಮೂಳೆಯ ಮುರಿತವನ್ನು. ಎಂಆರ್‌ಐ ಮಾಡಿಸುವ ಸಂದರ್ಭ ಬಂದರೆ, ಚೀಟಿಯಲ್ಲಿ ‘ಎರಡೂ ದವಡೆ ಕೀಲು, ಬಾಯಿ ಮುಚ್ಚಿ ಮತ್ತು ತೆರೆದು’ ಎಂದು ಸ್ಪಷ್ಟವಾಗಿ ಬರೆಸಿಕೊಳ್ಳಿ. ಬಾಯಿ ಮುಚ್ಚಿದ ಚಿತ್ರವೊಂದೇ ಇದ್ದರೆ, ಡಿಸ್ಕ್ ವಾಪಸ್ ಜಾಗಕ್ಕೆ ಬರುತ್ತಿದೆಯೋ ಇಲ್ಲವೋ ಎಂಬ ಮುಖ್ಯ ಪ್ರಶ್ನೆಗೇ ಉತ್ತರ ಸಿಗುವುದಿಲ್ಲ. ಹಲ್ಲಿಗೆ ತಂತಿ ಹಾಕಿಸಿದ್ದರೆ, ದೇಹದಲ್ಲಿ ಪೇಸ್‌ಮೇಕರ್‌ನಂಥದ್ದು ಇದ್ದರೆ ಮೊದಲೇ ತಿಳಿಸಬೇಕು.

ಇದನ್ನು ಓದುವ ಬೇರೆಯವರಿಗಾಗಿ ಒಂದು ವಿಷಯವನ್ನು ಇಲ್ಲಿ ಹೇಳಲೇಬೇಕು. ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ ಅಡಿಕೆ ಹಾಕುವವರು ಬಹಳ. ಬಾಯಿ ತೆರೆಯುತ್ತಿಲ್ಲ ಎಂದು ಬರುವ ಎಲ್ಲರ ತೊಂದರೆಯೂ ಕೀಲಿನದಲ್ಲ. ಅಡಿಕೆ, ಗುಟ್ಕಾ ಅಗಿಯುವವರಲ್ಲಿ ಕೆನ್ನೆಯ ಒಳಚರ್ಮ ನಾರುಗಟ್ಟಿ ಬಾಯಿ ಕಿರಿದಾಗುತ್ತಾ ಹೋಗುತ್ತದೆ. ಡಿಸ್ಕಿನ ಬೀಗ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಬೀಳುತ್ತದೆ, ಅದಕ್ಕೆ ಮೊದಲು ಬಹುತೇಕ ಶಬ್ದ ಇದ್ದೇ ಇರುತ್ತದೆ. ನಾರುಗಟ್ಟುವುದು ತಿಂಗಳುಗಳ, ವರ್ಷಗಳ ಕೆಲಸ. ಮೊದಲು ಖಾರ ತಾಗಿದರೆ ಬಾಯಿ ಉರಿಯುತ್ತದೆ, ಆಮೇಲೆ ಕೆನ್ನೆಯ ಒಳಭಾಗ ಬಿಳಚಿಕೊಂಡು, ಬೆರಳಿಟ್ಟರೆ ಹುರಿಯಂತೆ ಬಿಗಿಯಾಗಿ ತಾಗುತ್ತದೆ. ಇದು ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿ. ಇಂಥವರು ಕೀಲಿನ ವ್ಯಾಯಾಮ ಮಾಡುತ್ತಾ ಕೂರಬಾರದು. ಅಡಿಕೆ ಬಿಟ್ಟು, ಬಾಯಿಯನ್ನು ಕೂಡಲೇ ತೋರಿಸಬೇಕು. ಗಾಯವಾದ ಕೆಲವು ದಿನಗಳಲ್ಲಿ ದವಡೆ ಬಿಗಿದು, ಕತ್ತು, ಬೆನ್ನು ಸೆಟೆಯತೊಡಗಿದರೆ ಅದು ಧನುರ್ವಾಯು ಇರಬಹುದು, ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಐವತ್ತು ದಾಟಿದವರಿಗೆ ಹೊಸದಾಗಿ ಕಣತಲೆ ನೋವು ಶುರುವಾಗಿ, ಅಗಿಯುವಾಗ ದವಡೆ ಸೋತು ನೋಯುತ್ತಿದ್ದರೆ, ಅದು ರಕ್ತನಾಳದ ಉರಿಯೂತವಿರಬಹುದು. ತಡಮಾಡಿದರೆ ಕಣ್ಣಿಗೇ ಅಪಾಯ.

ನೀವು ಎಂಟು ವಾರ ಹೀಗೆ ಮಾಡಿ ನೋಡಿ. ಶಬ್ದ ಹೋಗುತ್ತದೆಂದು ನಾನು ಹೇಳಲಾರೆ, ಬಹುಶಃ ಉಳಿಯುತ್ತದೆ. ಕಡಿಮೆಯಾಗಬೇಕಾದದ್ದು ಬೀಗ ಬೀಳುವ ಬೆಳಗುಗಳು ಮತ್ತು ನೋವು. ನಿಮ್ಮ ಪುಟದಲ್ಲಿ ಮೂರು ನಾಲ್ಕು ವಾರದ ಹೊತ್ತಿಗೆ ಅದು ಕಾಣಿಸತೊಡಗಬೇಕು. ಕಾಣಿಸದಿದ್ದರೆ ಸ್ಪ್ಲಿಂಟ್‌ಗಾಗಿ ಬಾಯಿ ಮತ್ತು ದವಡೆ ತಜ್ಞರನ್ನು ನೋಡಿ. ಹಾಸನದಲ್ಲೇ ದಂತ ವೈದ್ಯಕೀಯ ಕಾಲೇಜು ಇರುವುದರಿಂದ ಬೆಂಗಳೂರಿಗೆ ಓಡುವ ಅಗತ್ಯವಿಲ್ಲ. ಯಾವುದಾದರೂ ಬೆಳಿಗ್ಗೆ ಬಿದ್ದ ಬೀಗ ಮರುದಿನವೂ ಬಿಡದಿದ್ದರೆ ಮಾತ್ರ, ಶಾಲೆಯಲ್ಲಿ ಪರೀಕ್ಷೆ ಇದೆ, ರಜೆ ಇಲ್ಲ ಎಂದು ಮುಂದೂಡಬೇಡಿ. ಅಂದೇ ರಜೆ ಹಾಕಿ, ಆ ಪುಟವನ್ನು ಜೊತೆಗಿಟ್ಟುಕೊಂಡು ಹೊರಡಿ. ಮೊದಲ ವಾರದಲ್ಲಿ ಕೈಯಿಂದ ಬಿಡಿಸಬಹುದಾದದ್ದು ಎರಡನೆಯ ತಿಂಗಳಿನಲ್ಲಿ ಸೂಜಿಗೂ ಸುಲಭವಾಗಿ ಬಗ್ಗುವುದಿಲ್ಲ.